ತರೀಕೆರೆಯ ‘ಕೆರೆ’, ಹಿರೇನಲ್ಲೂರಿನ ‘ಹಿರೇ’: ಯಾರೂ ಬರೆದಿಡದ ಭಾಷೆಯನ್ನು ಕಂಡುಹಿಡಿಯುವುದು ಹೇಗೆ?

ಕನ್ನಡ ತಮಿಳಿನಿಂದ ಹುಟ್ಟಿತೇ? ಇಲ್ಲ, ಎಲ್ಲ ಭಾಷೆಗಳೂ ಸಂಸ್ಕೃತದಿಂದಲೇ ಬಂದವೇ? ಈ ಪ್ರಶ್ನೆಗಳು ಆಗಾಗ ಎದ್ದು ಜಗಳವಾಗುತ್ತವೆ. ಎರಡೂ ಕಡೆಯವರು ಮುಂದಿಡುವ ಸಾಕ್ಷಿ ಹೆಚ್ಚಾಗಿ ಒಂದೇ ಬಗೆಯದು: “ಈ ಪದ ನೋಡಿ, ಆ ಪದದ ಹಾಗೇ ಇದೆ.” ಆದರೆ ಭಾಷೆಗಳ ನಂಟನ್ನು ಅಳೆಯುವವರು ಪದಗಳು ಒಂದೇ ಥರ ಇವೆಯೇ ಎಂದು ನೋಡುವುದಿಲ್ಲ. ಅವು ಒಂದೇ ಲೆಕ್ಕದಲ್ಲಿ ಬೇರೆಬೇರೆಯಾಗಿವೆಯೇ ಎಂದು ನೋಡುತ್ತಾರೆ. ಈ ವಿಧಾನಕ್ಕೆ ತೌಲನಿಕ ವಿಧಾನ ಎಂದು ಹೆಸರು. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರದ ಊರ ಹೆಸರುಗಳನ್ನೇ ಹಿಡಿದು ನೋಡೋಣ.

ಮೊದಲ ಲೆಕ್ಕ: ಪ ಹೋಗಿ ಹ ಬಂದದ್ದು

ಕನ್ನಡದ ದಿನಬಳಕೆಯ ಕೆಲವು ಪದಗಳನ್ನು ನೆರೆಯ ಭಾಷೆಗಳ ಪದಗಳ ಪಕ್ಕದಲ್ಲಿಟ್ಟು ನೋಡಿ. ಸದ್ಯಕ್ಕೆ ಮೊದಲ ಅಕ್ಷರದ ವ್ಯಂಜನವನ್ನು ಮಾತ್ರ ಗಮನಿಸಿ.

| ಕನ್ನಡ | ತಮಿಳು | ತೆಲುಗು | ತುಳು |
|---|---|---|---|
| ಹಾಲು | ಪಾಲ್ | ಪಾಲು | ಪೇರ್ |
| ಹುಲಿ | ಪುಲಿ | ಪುಲಿ | ಪಿಲಿ |
| ಹೂ | ಪೂ | ಪುವ್ವು | ಪೂ |
| ಹತ್ತು | ಪತ್ತು | ಪದಿ | ಪತ್ತ್ |
| ಹೆಸರು | ಪೆಯರ್ | ಪೇರು | ಪುದರ್ |

ಕನ್ನಡದಲ್ಲಿ ‘ಹ’ ಇರುವಲ್ಲೆಲ್ಲ ಉಳಿದ ಮೂರರಲ್ಲಿ ‘ಪ’ ಇದೆ. ಒಂದೆರಡು ಪದಗಳಲ್ಲಿ ಹೀಗಾಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಆದರೆ ಹಂದಿ, ಹಣ್ಣು, ಹಾವು, ಹಲ್ಲು, ಹಳೆಯ ಎಂದು ಪಟ್ಟಿ ಬೆಳೆಸುತ್ತಾ ಹೋದರೂ ಲೆಕ್ಕ ತಪ್ಪುವುದಿಲ್ಲ. ಧ್ವನಿ ಬದಲಾವಣೆ ನಿಯಮಬದ್ಧ ಎನ್ನುವುದು ಇದನ್ನೇ. ಒಂದು ಭಾಷೆಯಲ್ಲಿ ಒಂದು ಧ್ವನಿ ಬದಲಾದರೆ, ಅದು ಪದದ ಅರ್ಥ ನೋಡಿ ಬದಲಾಗುವುದಿಲ್ಲ. ಆ ಧ್ವನಿ ಅದೇ ಸನ್ನಿವೇಶದಲ್ಲಿ ಬರುವ ಪದಗಳೆಲ್ಲ ಒಟ್ಟಿಗೆ ಬದಲಾಗುತ್ತವೆ. 1870ರ ದಶಕದಲ್ಲಿ ಜರ್ಮನಿಯ ಲೈಪ್ಜಿಗ್‌ನ ಭಾಷಾವಿಜ್ಞಾನಿಗಳು ಇದನ್ನು ಒಂದು ತತ್ವವಾಗಿಯೇ ಮಂಡಿಸಿದರು.

‘ಸನ್ನಿವೇಶ’ ಎಂಬ ಮಾತು ಇಲ್ಲಿ ಮುಖ್ಯ. ಅಪ್ಪ, ಉಪ್ಪು, ತುಪ್ಪ, ಸೊಪ್ಪು ಇವುಗಳಲ್ಲಿ ಪಕಾರ ಇಂದಿಗೂ ಹಾಗೇ ಇದೆ. ಯಾರೂ ಉಪ್ಪನ್ನು ‘ಉಹ್ಹು’ ಎನ್ನುವುದಿಲ್ಲ. ಅಂದರೆ ‘ಪ ಹೋಗಿ ಹ ಬಂತು’ ಎಂದಷ್ಟೇ ಹೇಳಿದರೆ ನಿಯಮ ಪೂರ್ತಿಯಾಗುವುದಿಲ್ಲ. ‘ಪದದ ಮೊದಲಲ್ಲಿದ್ದ ಪಕಾರ ಹಕಾರವಾಯಿತು, ಒತ್ತಕ್ಷರದ ಪ್ಪ ಹಾಗೇ ಉಳಿಯಿತು’ ಎಂದರೆ ಪೂರ್ತಿಯಾಗುತ್ತದೆ.

ಮೂಲ ಪ ಎಂದು ಹೇಳುವುದು ಹೇಗೆ?

ಮೂರು ಭಾಷೆಗಳಲ್ಲಿ ‘ಪ’ ಇದೆ, ಒಂದರಲ್ಲಿ ‘ಹ’ ಇದೆ, ಆದ್ದರಿಂದ ಬಹುಮತದ ‘ಪ’ ಹಳೆಯದು ಎನ್ನಬಹುದೇ? ಇಲ್ಲಿ ಉತ್ತರ ಸರಿಯಾಗಿ ಬಂದರೂ ದಾರಿ ತಪ್ಪು. ಬಹುಮತದಿಂದ ಮೂಲವನ್ನು ತೀರ್ಮಾನಿಸುವುದಿಲ್ಲ. ಏಕೆ ಎಂಬುದು ಮುಂದೆ ‘ಕೆರೆ’ಯ ಬಳಿ ಗೊತ್ತಾಗುತ್ತದೆ.

ನಿಜವಾದ ಕಾರಣ ಬದಲಾವಣೆಯ ದಿಕ್ಕು. ‘ಪ’ ಹೇಳಲು ಎರಡೂ ತುಟಿಗಳನ್ನು ಪೂರ್ತಿ ಮುಚ್ಚಿ ತೆರೆಯಬೇಕು. ತುಟಿ ಸರಿಯಾಗಿ ಮುಚ್ಚದೆ ಸಡಿಲವಾದರೆ ಊದಿದಂಥ ಧ್ವನಿ ಬರುತ್ತದೆ. ತುಟಿಯ ಕೆಲಸ ಪೂರ್ತಿ ನಿಂತರೆ ಬರೀ ಉಸಿರು, ಅಂದರೆ ‘ಹ’ ಉಳಿಯುತ್ತದೆ. ಇದು ಇಳಿಜಾರಿನ ದಾರಿ. ಕನ್ನಡಕ್ಕೆ ಯಾವ ಸಂಬಂಧವೂ ಇಲ್ಲದ ಜಪಾನಿ ಭಾಷೆಯೂ ಹಳೆಯ ಪಕಾರದಿಂದ ಹಕಾರಕ್ಕೆ ಇದೇ ದಾರಿಯಲ್ಲಿ ಇಳಿದಿದೆ, ಆರ್ಮೇನಿಯನ್ ಭಾಷೆಯೂ ಹಾಗೇ. ಬರೀ ಉಸಿರಿನಿಂದ ಹೊರಟು ತುಟಿ ಮುಚ್ಚುವ ‘ಪ’ಕ್ಕೆ ಹತ್ತುವುದು ತೀರಾ ಅಪರೂಪ. ಹಾಗಾಗಿ ಇಲ್ಲಿ ಬದಲಾದದ್ದು ಕನ್ನಡ.

ಈ ತೀರ್ಮಾನಕ್ಕೆ ಬರಲು ನಾವು ಒಂದೂ ಹಳೆಯ ಬರಹವನ್ನು ನೋಡಲಿಲ್ಲ. ಇಂದಿನ ಮಾತನ್ನಷ್ಟೇ ಹೋಲಿಸಿದೆವು. ಈಗ ಕಲ್ಲಿನ ಮೇಲಿನ ಸಾಕ್ಷಿಯನ್ನು ಕರೆದು ಪರೀಕ್ಷಿಸಬಹುದು. ಚಿಕ್ಕಮಗಳೂರಿನ ಪಕ್ಕದಲ್ಲೇ, ಹಾಸನ ಜಿಲ್ಲೆಯ ಬೇಲೂರು ತಾಲೂಕಿನಲ್ಲಿ ಹಲ್ಮಿಡಿ ಇದೆ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಅಲ್ಲಿನ ಶಾಸನ ಸುಮಾರು ಕ್ರಿ.ಶ. 450ರದು ಎಂದು ಎಣಿಸಲಾಗಿದೆ. ಅದರಲ್ಲಿ ಬರುವ ಊರ ಹೆಸರನ್ನು ವಿದ್ವಾಂಸರು ‘ಪಲ್ಮಿಡಿ’ ಅಥವಾ ‘ಪಲ್ಮಡಿ’ ಎಂದು ಓದುತ್ತಾರೆ. ಅಂದು ಪಕಾರದಿಂದ ಶುರುವಾಗುತ್ತಿದ್ದ ಊರ ಹೆಸರು ಇಂದು ಹಕಾರದಿಂದ ಶುರುವಾಗುತ್ತದೆ. ಹಳಗನ್ನಡದ ಪಾಲ್, ಪುಲಿ, ಪೆಸರ್, ಪಳ್ಳಿ ಎಲ್ಲವೂ ಇದೇ ಕಥೆ ಹೇಳುತ್ತವೆ. ಶಾಸನಗಳಲ್ಲಿ ಹಕಾರ ಸುಮಾರು 10ನೇ ಶತಮಾನದಿಂದ ತಲೆ ಹಾಕುತ್ತದೆ, ಮುಂದಿನ ಕೆಲವು ಶತಮಾನಗಳಲ್ಲಿ ಗಟ್ಟಿಯಾಗುತ್ತದೆ.

ಆದರೆ ಶಾಸನ ಓದುವಾಗಲೂ ಒಂದು ಎಚ್ಚರ ಬೇಕು. ಬರವಣಿಗೆ ಮಾತಿಗಿಂತ ನಿಧಾನ. ತರೀಕೆರೆ ತಾಲೂಕಿನ ಅಮೃತಾಪುರದ ದೇವಾಲಯ 1196ರದು. ಅಲ್ಲಿನ ಶಾಸನದ ಪದ್ಯಗಳು ಜನ್ನ ಕವಿಯವು. ಇಂಥ ಕಾವ್ಯಶೈಲಿಯ ಬರಹದಲ್ಲಿ ಕವಿ ಹಳೆಯ, ಗೌರವದ ರೂಪವನ್ನೇ ಬಯಸುತ್ತಾನೆ. ಹೊಲದಲ್ಲಿ, ಸಂತೆಯಲ್ಲಿ ಜನ ಆಗಲೇ ‘ಹಾಲು’ ಎನ್ನುತ್ತಿದ್ದರೂ ಕಾವ್ಯದಲ್ಲಿ ‘ಪಾಲ್’ ಇರಬಹುದು. ಹೀಗಾಗಿ ಶಾಸನದಲ್ಲಿ ಹಕಾರ ಕಂಡರೆ ಬದಲಾವಣೆ ಆಗಲೇ ನಡೆದಿತ್ತು ಎನ್ನಬಹುದು. ಪಕಾರ ಕಂಡ ಮಾತ್ರಕ್ಕೆ ನಡೆದಿರಲಿಲ್ಲ ಎನ್ನಲಾಗದು.

ಅಜ್ಜಂಪುರ ಏಕೆ ‘ಅಜ್ಜಂಹುರ’ ಆಗಲಿಲ್ಲ?

ಪಳ್ಳಿ ಹೋಗಿ ಹಳ್ಳಿಯಾಯಿತು. ಹಾಗಾದರೆ ‘ಪುರ’ ಏಕೆ ‘ಹುರ’ ಆಗಲಿಲ್ಲ? ನಿಯಮವನ್ನು ಪರೀಕ್ಷಿಸಬೇಕಾದದ್ದು ಇಂಥ ಪ್ರಶ್ನೆಗಳಿಂದಲೇ. ಅಪವಾದ ಕಂಡಾಗ ‘ಇರಲಿ ಬಿಡಿ’ ಎಂದರೆ ವಿಧಾನವೇ ಕುಸಿಯುತ್ತದೆ. ಪ್ರತಿ ಅಪವಾದಕ್ಕೂ ಒಂದು ಕಾರಣ ಬೇಕು.

ಪುರ ಸಂಸ್ಕೃತದಿಂದ ಪಡೆದ ಪದ. ಓದು-ಬರಹ ಬಲ್ಲವರ ಬಾಯಲ್ಲಿ, ದಾನಪತ್ರಗಳಲ್ಲಿ ಅದರ ಮೂಲ ರೂಪ ಸದಾ ಕಣ್ಣೆದುರಿಗೆ ಇತ್ತು. ಹಾಗಾಗಿ ಅದು ಬದಲಾವಣೆಯಿಂದ ತಪ್ಪಿಸಿಕೊಂಡಿತು. ಆದರೆ ಸಂಸ್ಕೃತದ ಪದಗಳೆಲ್ಲ ತಪ್ಪಿಸಿಕೊಂಡಿಲ್ಲ. ‘ಪರ್ವ’ ಎಂಬ ಪದ ಬಹಳ ಹಿಂದೆಯೇ ಜನರ ಬಾಯಿಗೆ ಬಂದು ‘ಪಬ್ಬ’ವಾಗಿ, ಕನ್ನಡದ ಪದಗಳ ಜೊತೆ ತಾನೂ ಬದಲಾಗಿ ‘ಹಬ್ಬ’ವಾಯಿತು. ‘ಪುಸ್ತಕ’ ಪೊತ್ತಗೆಯಾಗಿ ‘ಹೊತ್ತಗೆ’ಯಾಯಿತು. ‘ಪಣ’ ಎಂಬುದು ‘ಹಣ’ವಾಯಿತು. ಅದೇ ಪರ್ವ, ಪುಸ್ತಕ ಎರಡೂ ಓದಿನ ದಾರಿಯಿಂದ ಇನ್ನೊಮ್ಮೆ ಬಂದವು, ಹಾಗೇ ಉಳಿದವು. ಒಂದು ಪದ ಎರಡು ಬಾಗಿಲುಗಳಿಂದ ಒಳಗೆ ಬಂದಿದೆ ಎಂದು ನಮಗೆ ಹೇಳುವುದು ಈ ಪ-ಹ ವ್ಯತ್ಯಾಸವೇ. ಆ ಬದಲಾವಣೆ ಮುಗಿದ ಮೇಲೆ ಬಂದ ಪೆನ್ನು, ಪೊಲೀಸು ಮುಂತಾದವಕ್ಕೆ ಹಕಾರದ ಭಯವೇ ಇಲ್ಲ.

ಇಲ್ಲಿಂದ ಒಂದು ಮುಖ್ಯ ಪಾಠ ಸಿಗುತ್ತದೆ. ಹಣ-ಪಣ, ಹಬ್ಬ-ಪರ್ವ ಇವುಗಳಲ್ಲೂ ಪ-ಹ ಲೆಕ್ಕ ಸರಿಯಾಗಿಯೇ ಕೂಡುತ್ತದೆ. ಹಾಗೆಂದು ಕನ್ನಡ ಸಂಸ್ಕೃತದ ಮಗಳು ಎನ್ನಲಾಗದು. ಸಾಲ ಪಡೆದ ಪದವೂ ಸಾಕಷ್ಟು ಮೊದಲೇ ಬಂದಿದ್ದರೆ ಮನೆಯ ಪದದಂತೆಯೇ ಬದಲಾಗುತ್ತದೆ. ಅದಕ್ಕೇ ನಂಟನ್ನು ತೀರ್ಮಾನಿಸುವಾಗ ಜನ ಸುಲಭವಾಗಿ ಸಾಲ ಪಡೆಯದ ಪದಗಳನ್ನು ನೋಡುತ್ತಾರೆ: ಮೈಯ ಅಂಗಗಳು, ಚಿಕ್ಕ ಎಣಿಕೆಗಳು, ನಾನು-ನೀನು, ಬಾ-ಹೋಗು, ಜೊತೆಗೆ ವಿಭಕ್ತಿ ಮತ್ತು ಕ್ರಿಯಾಪದದ ಪ್ರತ್ಯಯಗಳು. 1816ರಲ್ಲಿ ಮದರಾಸಿನ ಅಧಿಕಾರಿ ಫ್ರಾನ್ಸಿಸ್ ವೈಟ್ ಎಲಿಸ್ ದಕ್ಷಿಣದ ಭಾಷೆಗಳು ಬೇರೆಯೇ ಒಂದು ಕುಟುಂಬ ಎಂದು ತೋರಿಸಿದಾಗಲೂ, 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಆ ಭಾಷೆಗಳ ತೌಲನಿಕ ವ್ಯಾಕರಣ ಬರೆದಾಗಲೂ ವಾದ ನಿಂತದ್ದು ಇಂಥ ತಳಹದಿಯ ಮೇಲೆ.

ಎರಡನೆಯ ಲೆಕ್ಕ: ಬಹುಮತ ಸೋಲುವ ಜಾಗ

ಈಗ ತರೀಕೆರೆಗೆ ಬರೋಣ. ಊರ ಹೆಸರಿನ ಕೊನೆಯಲ್ಲಿರುವ ‘ಕೆರೆ’ಗೆ ತೆಲುಗಿನಲ್ಲಿ ‘ಚೆರುವು’ ಎನ್ನುತ್ತಾರೆ. ಕಿವಿಗೆ ತೆಲುಗು, ತಮಿಳು, ಮಲಯಾಳ ಮೂರರಲ್ಲೂ ‘ಚೆವಿ’ (ಇಂದಿನ ತಮಿಳರ ಬಾಯಲ್ಲಿ ಅದು ‘ಸೆವಿ’). ‘ಕಿರು’ ಅಂದರೆ ಸಣ್ಣದು ಎಂಬುದಕ್ಕೆ ತಮಿಳು, ತೆಲುಗಿನಲ್ಲಿ ‘ಚಿರು’. ಕೆಂಪಿನ ‘ಕೆಂ’ಗೆ ಅಲ್ಲಿ ‘ಚೆಂ’. ಇಲ್ಲೂ ಲೆಕ್ಕ ಕೂಡುತ್ತದೆ: ಕನ್ನಡದ ಕಕಾರಕ್ಕೆ ಅಲ್ಲಿ ಚಕಾರ. ಆದರೆ ಕಲ್ಲು, ಕಣ್ಣು, ಕಾಲು ಎಂಬಲ್ಲಿ ತಮಿಳಿನಲ್ಲೂ ತೆಲುಗಿನಲ್ಲೂ ಕಕಾರವೇ ಇದೆ. ವ್ಯತ್ಯಾಸ ಇರುವುದು ಮುಂದಿನ ಸ್ವರದಲ್ಲಿ. ಇ ಅಥವಾ ಎ ಬಂದರೆ ಚಕಾರ, ಅ ಅಥವಾ ಆ ಬಂದರೆ ಕಕಾರ.

ಬಹುಮತ ನೋಡಿದರೆ ಚಕಾರ ಗೆಲ್ಲಬೇಕು. ಆದರೆ ಮೂಲ ಕಕಾರ. ನೀವೇ ಹೇಳಿ ನೋಡಿ. ‘ಕ’ ಹೇಳುವಾಗ ನಾಲಿಗೆಯ ಹಿಂಭಾಗ ಮೇಲೇಳುತ್ತದೆ. ‘ಕಿ’ ಎಂದಾಗ ಮುಂದೆ ಬರಲಿರುವ ಇಕಾರಕ್ಕೆ ಸಿದ್ಧವಾಗುತ್ತಾ ನಾಲಿಗೆ ಮುಂದಕ್ಕೆ ಸರಿಯುತ್ತದೆ. ಇನ್ನೂ ಸ್ವಲ್ಪ ಸರಿದರೆ ಅದು ‘ಚಿ’. ಹಾಗಾಗಿ ಇ, ಎ ಎದುರು ಕ ಹೋಗಿ ಚ ಬರುವುದು ಜಗತ್ತಿನ ಬಹಳಷ್ಟು ಭಾಷೆಗಳಲ್ಲಿ ನಡೆದಿದೆ. ಅದೇ ಸ್ವರಗಳ ಎದುರು ಚ ಹಿಂದಕ್ಕೆ ಸರಿದು ಕ ಆಗಲು ಅಂಥ ಕಾರಣವಿಲ್ಲ.

ಇದಕ್ಕೆ ಇನ್ನೊಂದು ಸಾಕ್ಷಿ ದೂರದಿಂದ ಬರುತ್ತದೆ. ಕಿವಿಗೆ ತುಳುವಿನಲ್ಲಿ ‘ಕೆಬಿ’, ಕೊಡವದಲ್ಲಿ ‘ಕೆವಿ’. ಜಾರ್ಖಂಡ್, ಛತ್ತೀಸ್‌ಗಢದ ಕುಡುಖ್ ಭಾಷೆಯಲ್ಲೂ ಬಲೂಚಿಸ್ತಾನದ ಬ್ರಾಹುಯಿ ಭಾಷೆಯಲ್ಲೂ ಈ ಪದ ಗಂಟಲಿನಿಂದ ಬರುವ ‘ಖ’ದಂಥ ಧ್ವನಿಯಿಂದ ಶುರುವಾಗುತ್ತದೆ. ಅದು ಕಕಾರದ ಕಡೆಯ ಧ್ವನಿ, ಚಕಾರದ ಕಡೆಯದಲ್ಲ. ಒಂದಕ್ಕೊಂದು ಸಂಪರ್ಕವೇ ಇಲ್ಲದಷ್ಟು ದೂರದ ಮೂಲೆಗಳಲ್ಲಿ ಕಕಾರದ ಗುರುತು ಉಳಿದಿದೆ ಎಂದರೆ, ಅದು ಹಳೆಯ ಆಸ್ತಿ ಎಂದೇ ಅರ್ಥ. ತಮಿಳು, ಮಲಯಾಳ, ತೆಲುಗಿನ ಚಕಾರ ನಂತರದ್ದು.

ಒಂದು ಪದವನ್ನು ಕಟ್ಟಿ ನೋಡೋಣ

ಈಗ ‘ಕಿವಿ’ಯ ಮೂಲ ರೂಪವನ್ನು ಒಂದೊಂದೇ ಧ್ವನಿಯಾಗಿ ಕಟ್ಟಬಹುದು. ಮೊದಲ ವ್ಯಂಜನ ಕ, ಅದು ಈಗಾಗಲೇ ಗೊತ್ತಾಯಿತು. ಅದರ ಮುಂದಿನ ಸ್ವರ ಕನ್ನಡದಲ್ಲಿ ಇ, ಉಳಿದೆಡೆ ಹೆಚ್ಚಾಗಿ ಎ. ಇಲ್ಲಿ ಬದಲಾದದ್ದು ಕನ್ನಡವೇ ಎಂದು ಹೇಗೆ ಗೊತ್ತು? ಏಕೆಂದರೆ ಕನ್ನಡದಲ್ಲಿ ಇದೂ ಒಂದು ನಿಯಮ. ಮುಂದಿನ ಅಕ್ಷರದಲ್ಲಿ ಇ ಅಥವಾ ಉ ಇದ್ದು, ನಡುವೆ ಒಂದೇ ವ್ಯಂಜನವಿದ್ದರೆ, ಎಕಾರ ಇಕಾರಕ್ಕೆ ಏರುತ್ತದೆ. ತಮಿಳಿನ ‘ತೆಳಿ’ ಕನ್ನಡದಲ್ಲಿ ‘ತಿಳಿ’. ಕನ್ನಡದೊಳಗೇ ನೋಡಿ: ‘ಬಿಳಿ’ ಮತ್ತು ‘ಬೆಳ್ಳಿ’ ಒಂದೇ ಬೇರಿನವು. ಒಂಟಿ ಳಕಾರವಿರುವಲ್ಲಿ ಇ ಬಂದಿದೆ, ಒತ್ತಕ್ಷರವಿರುವಲ್ಲಿ ಹಳೆಯ ಎ ಉಳಿದಿದೆ. ಇನ್ನು ನಡುವಿನ ವ್ಯಂಜನ ಹೆಚ್ಚಿನ ಭಾಷೆಗಳಲ್ಲಿ ವ, ತುಳುವಿನಲ್ಲಿ ಬ. ಹೀಗೆ ದಕ್ಕುವ ಮೂಲ ರೂಪ *ಕೆವಿ. ಮುಂದಿರುವ ನಕ್ಷತ್ರ ಚಿಹ್ನೆಯ ಅರ್ಥ: ಇದು ಎಲ್ಲೂ ಬರೆದು ಸಿಕ್ಕಿದ್ದಲ್ಲ, ಹೋಲಿಸಿ ಕಟ್ಟಿದ್ದು.

ಈ ರೂಪವನ್ನು ಗಮನವಿಟ್ಟು ನೋಡಿ. ಕಕಾರವನ್ನು ಉಳಿಸಿಕೊಂಡದ್ದು ಕನ್ನಡ, ತಮಿಳು ಉಳಿಸಲಿಲ್ಲ. ಎಕಾರವನ್ನು ಉಳಿಸಿಕೊಂಡದ್ದು ತಮಿಳು, ಕನ್ನಡ ಉಳಿಸಲಿಲ್ಲ. ‘ಕನ್ನಡ ತಮಿಳಿನಿಂದ ಹುಟ್ಟಿತು’ ಎಂದರೆ ತಮಿಳಿನ ಚೆವಿ ಕನ್ನಡದಲ್ಲಿ ಹಿಂದಕ್ಕೆ ಸರಿದು ಕಿವಿಯಾಯಿತು ಎನ್ನಬೇಕಾಗುತ್ತದೆ, ಅದೂ ಮೂಲದಲ್ಲಿ ಕಕಾರವಿದ್ದ ಪದಗಳನ್ನೇ ಕರಾರುವಾಕ್ಕಾಗಿ ಆರಿಸಿಕೊಂಡು. ತಮಿಳು ಕನ್ನಡದಿಂದ ಹುಟ್ಟಿತು ಎಂದರೂ ಇಂಥದ್ದೇ ತೊಡಕು. ಮಳೆ ಮತ್ತು ಬಳೆಯಲ್ಲಿ ನಾವು ಇಂದು ಒಂದೇ ಳಕಾರ ಹೇಳುತ್ತೇವೆ. ತಮಿಳಿನಲ್ಲಿ ಆ ಎರಡು ಪದಗಳ ಧ್ವನಿ ಬೇರೆಬೇರೆ. ಹಳಗನ್ನಡದಲ್ಲೂ ಮಳೆಯ ಧ್ವನಿಗೆ ೞ ಎಂಬ ಬೇರೆ ಅಕ್ಷರವೇ ಇತ್ತು. ಬೆರೆತುಹೋದ ಎರಡು ಧ್ವನಿಗಳನ್ನು ಮತ್ತೆ ಸರಿಯಾಗಿ ಬೇರ್ಪಡಿಸಲು ಯಾವ ಭಾಷೆಗೂ ಆಗದು. ಆದ್ದರಿಂದ ಇವು ತಾಯಿ-ಮಗಳಲ್ಲ, ಅಕ್ಕ-ತಂಗಿಯರು. ತಾಯಿಯನ್ನು ಮೂಲದ್ರಾವಿಡ ಎನ್ನುತ್ತಾರೆ. ಅದರ ಒಂದು ಸಾಲೂ ಬರೆದು ಸಿಕ್ಕಿಲ್ಲ.

ಯಾವುದು ಮೊದಲು, ಯಾವುದು ನಂತರ?

ಕಡೂರು ತಾಲೂಕಿನ ಹಿರೇನಲ್ಲೂರಿನಲ್ಲಿ ಮೇಲಿನ ಎರಡು ನಿಯಮಗಳೂ ಒಟ್ಟಿಗೆ ಸಿಗುತ್ತವೆ. ‘ಹಿರಿಯ’ ಎಂಬುದಕ್ಕೆ ತಮಿಳಿನಲ್ಲಿ ‘ಪೆರಿಯ’. ಪ ಹೋಗಿ ಹ ಬಂದಿದೆ, ಎ ಹೋಗಿ ಇ ಬಂದಿದೆ. ಯಾವುದು ಮೊದಲು ನಡೆಯಿತು? ಹಳಗನ್ನಡದಲ್ಲಿ ‘ಪಿರಿಯ’ ಎಂಬ ರೂಪವಿದೆ: ಸ್ವರ ಬದಲಾಗಿದೆ, ಪಕಾರ ಇನ್ನೂ ಇದೆ. ಅಂದರೆ ಸ್ವರದ ಬದಲಾವಣೆ ಮೊದಲು, ಹಕಾರ ನಂತರ. ಇಸವಿ ಗೊತ್ತಿಲ್ಲದಿದ್ದರೂ ಸರದಿ ಗೊತ್ತಾಗುವುದು ಹೀಗೆ. ಕಡೂರು, ಬೀರೂರು, ತರೀಕೆರೆಗಳ ಮೇಲೆ ಹಾದುಹೋಗುವ ರಸ್ತೆಯನ್ನು ನಾವು ‘ಹೆದ್ದಾರಿ’ ಎನ್ನುತ್ತೇವಲ್ಲ, ಅದರ ‘ಹೆ’ ಕೂಡ ಇದೇ ಹಳೆಯ ‘ಪೆರ್’ನ ಕುಡಿ. ಅಲ್ಲಿ ಮುಂದೆ ಒತ್ತಕ್ಷರವಿರುವುದರಿಂದ, ಬೆಳ್ಳಿಯಲ್ಲಾದಂತೆ, ಎಕಾರ ಉಳಿದುಕೊಂಡಿದೆ.

ವಿಧಾನದ ಮಿತಿ ಎಲ್ಲಿ?

ಕನ್ನಡದಲ್ಲಿ ‘ಪಾಲು’ (ಭಾಗ) ಎಂಬ ಪದ ಇಂದಿಗೂ ಪಕಾರದಲ್ಲೇ ಇದೆ. ತಮಿಳಿನಲ್ಲಿ ಹಾಲಿಗೂ ಪಾಲಿಗೂ ‘ಪಾಲ್’ ಎಂಬ ಒಂದೇ ರೂಪ. ನಿಯಮದ ಪ್ರಕಾರ ನಮ್ಮಲ್ಲಿ ಎರಡೂ ‘ಹಾಲು’ ಆಗಬೇಕಿತ್ತು. ಇಂಥಲ್ಲಿ ಬರಹದ ಭಾಷೆಯ ಪ್ರಭಾವವನ್ನು ಹುಡುಕಬೇಕಾಗುತ್ತದೆ. ಅದಕ್ಕೆ ಒಳ್ಳೆಯ ಹೋಲಿಕೆ ‘ಹಡೆ’ ಮತ್ತು ‘ಪಡೆ’. ಮಗುವನ್ನು ಹಡೆಯುವುದು, ಪ್ರಶಸ್ತಿ ಪಡೆಯುವುದು ಎರಡೂ ಒಂದೇ ಹಳಗನ್ನಡ ಕ್ರಿಯಾಪದ. ಮನೆಯ ಮಾತಿನಲ್ಲಿ ಉಳಿದದ್ದು ನಿಯಮದಂತೆ ಹಕಾರಕ್ಕೆ ಹೋಯಿತು, ಬರಹದ ಮಾತಿನಲ್ಲಿ ಉಳಿದದ್ದು ಪಕಾರವನ್ನು ಕಾಪಾಡಿಕೊಂಡಿತು. ಪಾಲು ಆಸ್ತಿಪತ್ರ, ಲೆಕ್ಕಪತ್ರಗಳ ಪದವೂ ಹೌದು, ಹಾಗಾಗಿ ಅಲ್ಲೂ ಇಂಥದ್ದೇ ಕಾರಣ ಇರಬಹುದು. ಆದರೆ ‘ಇರಬಹುದು’ ಎಂಬುದು ನಿಯಮವಲ್ಲ. ಇಂಥ ಪದಗಳು ಕೈಬೆರಳೆಣಿಕೆಯಷ್ಟಿದ್ದರೆ ಒಂದೊಂದಕ್ಕೂ ಬೇರೆ ಕಾರಣ ಹುಡುಕಬಹುದು. ನೂರಾರು ಇದ್ದರೆ ನಿಯಮವನ್ನೇ ತಿದ್ದಬೇಕು.

ಎರಡನೆಯ ಮಿತಿ ಇನ್ನೂ ದೊಡ್ಡದು. ಎಲ್ಲ ಮಕ್ಕಳೂ ಒಂದು ಧ್ವನಿಯನ್ನು ಗುರುತೇ ಇಲ್ಲದಂತೆ ಕಳೆದುಕೊಂಡಿದ್ದರೆ ಅದನ್ನು ಯಾವ ಹೋಲಿಕೆಯೂ ಮರಳಿ ತರಲಾರದು. ನಕ್ಷತ್ರ ಹೊತ್ತ *ಕೆವಿ ಎಂಬುದು ಅಂದಿನ ಜನರ ಧ್ವನಿಮುದ್ರಣವಲ್ಲ. ಇಂದಿನ ಎಲ್ಲ ರೂಪಗಳನ್ನೂ ಕಡಿಮೆ ನಿಯಮಗಳಲ್ಲಿ ವಿವರಿಸಬಲ್ಲ ಒಂದು ಲೆಕ್ಕ, ಅಷ್ಟೇ. ಅದನ್ನಾಡಿದವರು ಯಾರು, ಎಲ್ಲಿದ್ದರು ಎಂಬುದನ್ನು ಧ್ವನಿಗಳು ತಾವಾಗಿ ಹೇಳುವುದಿಲ್ಲ. ಹೊಸ ಭಾಷೆಯೊಂದರ ಪದಗಳು ದಾಖಲಾದರೆ ಆ ಲೆಕ್ಕ ಬದಲಾಗಲೂಬಹುದು. ಟಿ. ಬರೋ ಮತ್ತು ಎಂ. ಬಿ. ಎಮನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು ಮೊದಲು 1961ರಲ್ಲಿ ಬಂದು, 1984ರಲ್ಲಿ ಪರಿಷ್ಕರಣೆಗೊಂಡಿತು.

ಹಾಗಾಗಿ ಮುಂದಿನ ಸಲ ಯಾರಾದರೂ ಎರಡು ಪದ ತೋರಿಸಿ “ನೋಡಿ, ಒಂದೇ ಥರ ಇವೆ, ಇದರಿಂದ ಅದು ಬಂತು” ಎಂದರೆ ಮೂರು ಪ್ರಶ್ನೆ ಕೇಳಿ. ಇದೇ ವ್ಯತ್ಯಾಸ ಬೇರೆ ಪದಗಳಲ್ಲೂ ಅದೇ ಲೆಕ್ಕದಲ್ಲಿ ಬರುತ್ತದೆಯೇ? ಸಾಲ ಪಡೆದ ಪದ ಅಲ್ಲವೆಂದು ಹೇಗೆ ಗೊತ್ತು? ಬದಲಾವಣೆ ಆ ದಿಕ್ಕಿನಲ್ಲೇ ನಡೆಯಿತು ಎನ್ನಲು ಆಧಾರವೇನು? ಮೂರಕ್ಕೂ ಉತ್ತರವಿಲ್ಲದಿದ್ದರೆ ಆ ಹೋಲಿಕೆಯಿಂದ ಏನೂ ಸಾಬೀತಾಗುವುದಿಲ್ಲ.